ಚಪ್ಪಲಿ ಮೊದಲು, ಸೀರೆ ಆಮೇಲೆ

ನಾನು ಕುಂಬಳೆಯವಳು. ಕೆಲಸ ಡಬ್ಲಿನ್‌ನಲ್ಲಿ. ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ, ಅದೂ ಚಳಿಗಾಲದಲ್ಲಿ, ಎಲ್ಲರೂ ತಮ್ಮ ತಮ್ಮ ಊರಿನ ಬಟ್ಟೆಯಲ್ಲಿ ಬರುವ ದಿನ ಇದೆ. ಮೊದಲ ಸಲ ಮದುವೆಯ ರೇಷ್ಮೆ ಸೀರೆ ಉಟ್ಟು ಹೋದೆ. ಸೆರಗು ಕುರ್ಚಿಯ ಚಕ್ರಕ್ಕೆ ಸಿಕ್ಕಿದ್ದು ಗೊತ್ತಾಗದೆ ಎದ್ದುಬಿಟ್ಟೆ. ಭುಜದಲ್ಲಿ ಪಿನ್ನು ಇದ್ದಲ್ಲಿ ಒಂದಿಂಚು ಹರಿಯಿತು.

ಮರುವರ್ಷ ಊರಿಂದ ಕಾಸರಗೋಡು ಸೀರೆ ತಂದಿದ್ದೆ. ಹತ್ತಿ, ಜಾರುವುದಿಲ್ಲ. ಆದರೆ ಹೊಸತರಲ್ಲಿ ಗಂಜಿಯಿಂದ ಉಬ್ಬಿ ನಿಲ್ಲುತ್ತದೆ, ಹಾಗಾಗಿ ಒಮ್ಮೆ ಒಗೆದು ಇಸ್ತ್ರಿ ಹಾಕಿದೆ. ಫೋನಿನಲ್ಲಿ ಅಮ್ಮ ಒಂದೇ ಮಾತು ಹೇಳಿದರು: "ಮೊದಲು ಚಪ್ಪಲಿ ಹಾಕಿಕೋ, ಮತ್ತೆ ಸೀರೆ ಉಡು." ಬರಿಗಾಲಲ್ಲಿ ಉಟ್ಟು ಆಮೇಲೆ ಹಿಮ್ಮಡಿ ಎತ್ತರದ ಶೂ ಹಾಕಿದರೆ ಸೀರೆ ಗಿಡ್ಡ ಕಾಣುತ್ತದೆ. ನಾನು ಆಫೀಸಿಗೆ ಹಾಕುವ ಶೂ ಹಾಕಿಕೊಂಡೇ ಉಟ್ಟೆ. ಅಂಚು ನೆಲದಿಂದ ಒಂದಿಂಚು ಮೇಲೆ ಬಿಟ್ಟೆ. ಮೆಟ್ಟಿಲಲ್ಲಿ ಅದು ಬೇಕೇ ಬೇಕು.

ಚಳಿಗೆ ಒಳಗೆ ಥರ್ಮಲ್ ಲೆಗ್ಗಿಂಗ್ಸ್. ಲಂಗ ಬಿಟ್ಟು ಅದರ ಎಲಾಸ್ಟಿಕ್ಕಿಗೇ ನೆರಿಗೆ ಸಿಕ್ಕಿಸಿ ನೋಡಿದೆ. ಅರ್ಧ ಗಂಟೆಯಲ್ಲಿ ಭಾರಕ್ಕೆ ಇಳಿಯತೊಡಗಿತು. ಲೆಗ್ಗಿಂಗ್ಸ್ ಮೇಲೆ ಲಾಡಿ ಕಟ್ಟುವ ಹತ್ತಿ ಲಂಗವೇ ಸರಿ. ಬಟ್ಟೆ ಕಾಲಿಗೆ ಅಂಟುವುದೂ ಕಡಿಮೆಯಾಯಿತು.

ಸೆರಗನ್ನು ಮಡಿಕೆ ಹಾಕಿ, ಒಳಗಿನಿಂದ ರವಿಕೆಗೆ ಸೇರಿಸಿ ಪಿನ್ನು ಮಾಡಿದೆ. ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿದ್ದೆ. ಮಣಿ ಇದ್ದರೆ ಬಟ್ಟೆ ಪಿನ್ನಿನ ಸುರುಳಿಗೆ ಹೋಗಿ ಸಿಕ್ಕಿಕೊಳ್ಳುವುದಿಲ್ಲ. ಕುರ್ಚಿಯಲ್ಲಿ ಕೂರುವಾಗ ಸೆರಗಿನ ತುದಿ ಮುಂದೆ ತಂದು ಸೊಂಟಕ್ಕೆ ಸಿಕ್ಕಿಸಿದೆ, ಗದ್ದೆಗೆ ಇಳಿಯುವ ಅಜ್ಜಿಯ ಹಾಗೆ. ಚೆಂದ ಸ್ವಲ್ಪ ಕಡಿಮೆ ಆಯ್ತು, ಪರವಾಗಿಲ್ಲ.

ಇಷ್ಟರ ನಡುವೆ ಸಹೋದ್ಯೋಗಿ ಒಬ್ಬ ನಮ್ಮ ಕಡೆಯ ದೈವಾರಾಧನೆಯಾದ ತೆಯ್ಯದ ವೇಷದ ಫೋಟೋ ತೋರಿಸಿ, "ನಾನು ಹೀಗೆ ಬರಲಾ? ನಿಮ್ಮೂರಿನದ್ದೇ ಅಲ್ವಾ?" ಅಂದ. ಒಳ್ಳೆ ಮನಸ್ಸಿನಿಂದಲೇ ಕೇಳಿದ್ದು. ಅದು ಬಟ್ಟೆ ಅಲ್ಲ, ಅದನ್ನು ಕಟ್ಟಿದವರು ಆ ಹೊತ್ತಿಗೆ ನಮಗೆ ದೈವ, ಜನ ಕೈಮುಗಿದು ಕಷ್ಟ ಹೇಳಿಕೊಳ್ಳುತ್ತಾರೆ ಅಂತ ತಿಳಿಸಿದೆ. "ಹಾಗಾದರೆ ಬೇಡ" ಅಂದ. ನನ್ನ ಗಂಡನ ಬಿಳಿ ಪಂಚೆ ಕೊಟ್ಟೆ, ಬೆಲ್ಟ್ ಬಿಗಿಯುವುದು ತೋರಿಸಿದೆ. ಮೊಣಕಾಲಿಗೆ ಎತ್ತಿ ಕಟ್ಟುವುದೂ ಕಲಿತ. ದೊಡ್ಡವರ ಜೊತೆ ಮಾತಾಡುವಾಗ ಇಳಿಸಬೇಕು ಅಂದೆ, ಅಷ್ಟೇ.

ಮಧ್ಯಾಹ್ನ ಮ್ಯಾನೇಜರ್ ಎದುರು ಬಂದದ್ದೇ ತಡ, ಕಾಫಿ ಕಪ್ಪು ನನ್ನ ಕೈಗೆ ಕೊಟ್ಟು ಗಡಬಡಿಸಿ ಪಂಚೆ ಇಳಿಸಿದ.