ಲಾಕ್ ಬಟನ್ ಒತ್ತಿ ನೋಡಿದ ಪ್ರಕಾಶಕರು

ದಿನವೂ ರೈಲು, ಬಸ್ಸುಗಳಲ್ಲಿ ಕೆಲಸಕ್ಕೆ ಹೋಗಿಬರುವವರಿಗಾಗಿ ರೂಪಿಸಿದ ಪಜಲ್ ಗೇಮನ್ನು ಮೊದಲ ಬಾರಿ ಮೊಬೈಲ್ ಗೇಮ್‌ಗಳನ್ನು ಹೊರತರುವ ಪ್ರಕಾಶನ ಸಂಸ್ಥೆಯೊಂದರ ಮುಂದಿಡಲು ನಾನು ಇಪ್ಪತ್ತು ಸ್ಲೈಡ್‌ಗಳನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಅಲ್ಲಿದ್ದ ಮಹಿಳೆ ಎರಡು ಸ್ಲೈಡ್ ನೋಡಿ, "ಬಿಲ್ಡ್ ಇದ್ದರೆ ಕೊಡಿ, ಆಡಿ ನೋಡುತ್ತೇನೆ" ಎಂದರು. ಫೋನ್ ಸಿಕ್ಕ ಕೂಡಲೇ ಅವರು ಎದ್ದು ನಿಂತು, ಒಂದೇ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಆಡತೊಡಗಿದರು. ಪರದೆಯ ಮೇಲ್ತುದಿಯಲ್ಲಿದ್ದ 'ಹಿಂದಿನ ನಡೆ' ಬಟನ್ ಅವರ ಬೆರಳಿಗೆ ಎಟುಕಲಿಲ್ಲ. ಒಗಟಿನ ನಡುವೆಯೇ ಲಾಕ್ ಬಟನ್ ಒತ್ತಿ, ಕ್ಯಾಮೆರಾ ಮತ್ತು ನಾಲ್ಕೈದು ಆ್ಯಪ್‌ಗಳನ್ನು ತೆರೆದು ಮರಳಿದಾಗ ನಮ್ಮ ಲೋಗೋ ಕಾಣಿಸಿತು. ಒಗಟು ಮೊದಲಿನಿಂದ ಶುರುವಾಗಿತ್ತು. ಕೊನೆಗೆ ಏರೋಪ್ಲೇನ್ ಮೋಡ್ ಹಾಕಿ ಗೇಮ್ ತೆರೆದರೆ, ಜಾಹೀರಾತಿಗಾಗಿ ಕಾಯುತ್ತಾ ಅದು ಲೋಡಿಂಗ್ ಪರದೆಯಲ್ಲೇ ನಿಂತುಬಿಟ್ಟಿತು. ಪ್ರಯಾಣಿಕರಿಗಾಗಿ ಎಂದು ಮೊದಲ ಸ್ಲೈಡಿನಲ್ಲೇ ಬರೆದುಕೊಂಡಿದ್ದ ನನಗೆ ಅದು ನಿಜಕ್ಕೂ ನೋವಿನ ಕ್ಷಣವಾಗಿತ್ತು.

ತಪ್ಪಿನ ಮೂಲ ಸರಳವಾಗಿತ್ತು. ಹಂತ ಮುಗಿದಾಗ ಮಾತ್ರ ನಾವು ಸ್ಥಿತಿಯನ್ನು ಉಳಿಸುತ್ತಿದ್ದೆವು. ಆದರೆ ಮೆಮೊರಿ ಸಾಲದಾದಾಗ ಫೋನು ಹಿನ್ನೆಲೆಯಲ್ಲಿರುವ ಆ್ಯಪನ್ನು ಯಾವ ಮುನ್ಸೂಚನೆಯೂ ಇಲ್ಲದೆ ಮುಚ್ಚಿಬಿಡಬಲ್ಲದು. ಆದ್ದರಿಂದ ಪ್ರತಿ ನಡೆಯ ನಂತರವೂ ಚೌಕಗಳ ಸ್ಥಿತಿಯನ್ನೂ ಹಿಂದಿನ ನಡೆಗಳ ಪಟ್ಟಿಯನ್ನೂ ಫೋನಿನಲ್ಲೇ ಬರೆದಿಡುವಂತೆ ಬದಲಿಸಿ, ಗೇಮನ್ನು ಹಿನ್ನೆಲೆಗೆ ಕಳುಹಿಸಿ `adb shell am kill` ಆದೇಶಕ್ಕೆ ನಮ್ಮ ಪ್ಯಾಕೇಜ್ ಹೆಸರು ಸೇರಿಸಿ ಮುಚ್ಚಿಸಿ, ಬಿಟ್ಟಲ್ಲಿಂದಲೇ ತೆರೆದುಕೊಳ್ಳುತ್ತದೆಯೇ ಎಂದು ಪದೇ ಪದೇ ಪರೀಕ್ಷಿಸಿದೆ. ಸಮಯದ ಮಿತಿಯನ್ನು ತೆಗೆದುಹಾಕಿ, ಬಟನ್‌ಗಳನ್ನು ಪರದೆಯ ಕೆಳಭಾಗಕ್ಕೆ ತಂದೆ. ಜಾಹೀರಾತು ಸಿಗದಿದ್ದರೆ ಗೇಮ್ ಕಾಯದೆ ಮುಂದುವರಿಯುವಂತೆ ಮಾಡಿದೆ.

ಎರಡನೆಯ ಭೇಟಿಯಲ್ಲಿ ಅವರು ಅದೇ ಪರೀಕ್ಷೆಗಳನ್ನು ಮಾಡಿ, ನಂತರ ಅಂಕಿಗಳಿಗೆ ಬಂದರು. ಮರುದಿನ ಎಷ್ಟು ಮಂದಿ ಮರಳುತ್ತಾರೆ ಎಂಬುದನ್ನು ಎಲ್ಲ ಪ್ರಕಾಶಕರೂ ಕೇಳುತ್ತಾರೆ. ಇವರು ಅದರ ಜೊತೆಗೆ, ಬೆಳಿಗ್ಗೆ ಆಡಿದವರಲ್ಲಿ ಎಷ್ಟು ಮಂದಿ ಅದೇ ಸಂಜೆ ಮತ್ತೆ ತೆರೆದರು ಎಂದೂ ಕೇಳಿದರು. ಪ್ರಯಾಣ ದಿನಕ್ಕೆರಡು ಬಾರಿ ನಡೆಯುವುದರಿಂದ ಗೇಮ್ ಆ ಅಭ್ಯಾಸದೊಳಗೆ ಸೇರಿದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ನಮ್ಮ ದಾಖಲೆಯಲ್ಲಿ ಒಂದು ದೋಷವಿತ್ತು: ನೆಟ್‌ವರ್ಕ್ ಇಲ್ಲದಾಗ ಆಡಿದ ಆಟಗಳಿಗೆ, ಸಂಪರ್ಕ ಮರಳಿದ ಮೇಲೆ ಸರ್ವರ್ ತಲುಪಿದ ಸಮಯವೇ ಅಂಟಿಕೊಂಡು, ಹಲವು ಆಟಗಳು ಒಂದೇ ನಿಮಿಷದಲ್ಲಿ ನಡೆದಂತೆ ಕಾಣುತ್ತಿದ್ದವು. ಆಡಿದ ಗಳಿಗೆಯನ್ನು ಫೋನಿನಲ್ಲೇ ಗುರುತಿಸುವಂತೆ ಮಾಡಿ, ಎರಡು ವಾರಗಳ ನಂತರ ಹೊಸ ಅಂಕಿಗಳನ್ನು ಕಳುಹಿಸಿದೆ.

ಅವರು ತಕ್ಷಣ ಒಪ್ಪಂದ ಮಾಡಿಕೊಳ್ಳಲಿಲ್ಲ. ಮೊದಲ ಕೆಲವು ಸೆಕೆಂಡುಗಳಲ್ಲೇ ಒಗಟು ಕಾಣುವಂಥ ಮೂರು ವಿಡಿಯೊ ಜಾಹೀರಾತುಗಳನ್ನು ಕೇಳಿ ಪಡೆದು, ಒಬ್ಬ ಆಟಗಾರನನ್ನು ತರಲು ತಗಲುವ ಖರ್ಚು ಅವನಿಂದ ಬರಬಹುದಾದ ಆದಾಯಕ್ಕಿಂತ ಕಡಿಮೆಯಾಗುತ್ತದೆಯೇ ಎಂದು ತಮ್ಮ ಖರ್ಚಿನಲ್ಲೇ ಪರೀಕ್ಷಿಸಿದರು. ಒಪ್ಪಂದದ ಮಾತು ಶುರುವಾದದ್ದು ಆ ಲೆಕ್ಕ ಕೈಗೆ ಬಂದ ಮೇಲೆ.