ಟವರ್ ಇಲ್ಲದ ಕಡೆಯಿಂದ ಉಪಗ್ರಹದ ಮೂಲಕ ಮೆಸೇಜ್ ಕಳಿಸುವುದು ಹೇಗೆ?

ಬೆಟ್ಟದ ಹಾದಿಯಲ್ಲಿ ಟವರ್ ಸಿಗ್ನಲ್ ಪೂರ್ತಿ ಹೋದ ಮೇಲೂ ಮ್ಯಾಪ್‌ನಲ್ಲಿ ನೀಲಿ ಚುಕ್ಕಿ ನಾವಿರುವ ಜಾಗವನ್ನು ತೋರಿಸುತ್ತಲೇ ಇರುತ್ತದೆ. ಅದನ್ನು ನೋಡಿ, ಹಾಗಾದರೆ ಮೆಸೇಜೂ ಹೋಗುತ್ತದೆ ಅಂದುಕೊಳ್ಳುವವರಿದ್ದಾರೆ. ಜಿಪಿಎಸ್‌ನಲ್ಲಿ ನಮ್ಮ ಫೋನು ಉಪಗ್ರಹಗಳ ಸಿಗ್ನಲ್ ಕೇಳಿಸಿಕೊಳ್ಳುತ್ತದೆ ಅಷ್ಟೆ, ತಾನು ಏನನ್ನೂ ಕಳಿಸುವುದಿಲ್ಲ. ಮೆಸೇಜ್ ಹೋಗಬೇಕಾದರೆ ಫೋನಿನ ಪುಟ್ಟ ಆಂಟೆನಾದಿಂದಲೇ ಸಿಗ್ನಲ್ ಮೇಲಕ್ಕೆ ಹೋಗಬೇಕು. ಐಫೋನ್ ಬಳಸುವ ಗ್ಲೋಬಲ್‌ಸ್ಟಾರ್ ಉಪಗ್ರಹಗಳು ಸುಮಾರು 1,400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 25,000 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಈ ಸೌಲಭ್ಯದಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಅನ್ನುವುದೆಲ್ಲ ಹೆಚ್ಚುಕಡಿಮೆ ಈ ದೂರ ಮತ್ತು ವೇಗದಿಂದಲೇ ತೀರ್ಮಾನವಾಗುತ್ತದೆ.

ಇಲ್ಲಿ ಐಫೋನನ್ನೇ ಮಾದರಿಯಾಗಿ ಇಟ್ಟುಕೊಂಡು ಹೇಳುತ್ತೇನೆ. ಐಫೋನ್ 14 ಮತ್ತು ಅದರ ನಂತರದ ಫೋನುಗಳಲ್ಲಿ ತುರ್ತು ನೆರವಿನ ಉಪಗ್ರಹ ಸಂಪರ್ಕ 2022ರ ನವೆಂಬರ್‌ನಲ್ಲಿ ಶುರುವಾಯಿತು. ಮನೆಯವರಿಗೆ, ಸ್ನೇಹಿತರಿಗೆ ಸಾಮಾನ್ಯ ಮೆಸೇಜ್ ಕಳಿಸುವ ಅನುಕೂಲ 2024ರಲ್ಲಿ ಐಒಎಸ್ 18ರ ಜೊತೆ ಬಂತು. ಇವೆರಡೂ ಬೇರೆ ಬೇರೆ ಸೇವೆ. ಎರಡೂ ಎಲ್ಲ ದೇಶಗಳಲ್ಲಿ ಇಲ್ಲ. ತುರ್ತು ಸೇವೆ ಸಿಗುವ ದೇಶದಲ್ಲೂ ಸಾಮಾನ್ಯ ಮೆಸೇಜ್ ಸಿಗದೇ ಇರಬಹುದು. ಹೋಗುವ ದೇಶದ ಹೆಸರು ಎರಡೂ ಪಟ್ಟಿಯಲ್ಲಿ ಇದೆಯೇ ಎಂದು ಆ್ಯಪಲ್ ವೆಬ್‌ಸೈಟಿನಲ್ಲಿ ಮೊದಲೇ ನೋಡಿಕೊಳ್ಳಿ.

ಹೊರಡುವ ಮೊದಲು

ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು. ಟವರ್ ಹೋದ ಮೇಲೆ ಸೆಟ್ಟಿಂಗ್ ಸರಿಮಾಡಲು ಕೂತರೆ ಆಗುವುದಿಲ್ಲ. ಐಮೆಸೇಜ್ ಮೊದಲೇ ಆನ್ ಆಗಿರಬೇಕು. ಹೆಲ್ತ್ ಆ್ಯಪಿನ `Medical ID`ಯಲ್ಲಿ ತುರ್ತು ಸಂಪರ್ಕದವರ ಹೆಸರು, ನಂಬರ್ ಸೇರಿಸಿ. ಇದಕ್ಕೊಂದು ಕಾರಣ ಇದೆ. ನೀವು ಉಪಗ್ರಹದಲ್ಲಿರುವಾಗ ಯಾರು ಬೇಕಾದರೂ ತಾವಾಗಿಯೇ ನಿಮಗೆ ಎಸ್‌ಎಂಎಸ್ ಕಳಿಸಲು ಆಗುವುದಿಲ್ಲ. ನೀವು ಮೊದಲು ಕಳಿಸಿದ್ದರೆ ಅವರ ಉತ್ತರ ಬರುತ್ತದೆ. ತುರ್ತು ಸಂಪರ್ಕದ ಪಟ್ಟಿಯಲ್ಲಿರುವವರಿಗೆ ಮತ್ತು ಫ್ಯಾಮಿಲಿ ಶೇರಿಂಗ್ ಗುಂಪಿನವರಿಗೆ ಮಾತ್ರ ಈ ಕಟ್ಟು ಇಲ್ಲ.

ಆಮೇಲೆ ಒಂದು ಸಲ ಅಭ್ಯಾಸ ಮಾಡಿ. `Settings` ಒಳಗೆ `Emergency SOS` ಪುಟದಲ್ಲಿ ಉಪಗ್ರಹದ ಡೆಮೊ ಇದೆ. ಅದು ನಿಜವಾದ ಉಪಗ್ರಹಕ್ಕೇ ಜೋಡಿಸುತ್ತದೆ, ಆದರೆ ತುರ್ತು ಸೇವೆಗೆ ಕರೆ ಹೋಗುವುದಿಲ್ಲ. ಬಯಲಲ್ಲಿ ನಿಂತು ಒಮ್ಮೆ ನೋಡಿದರೆ ಯಾವ ಕಡೆ ತಿರುಗಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನುವುದು ಕೈಗೆ ಹತ್ತುತ್ತದೆ. ನನ್ನ ಪ್ರಕಾರ ಇದನ್ನು ಯಾರೂ ಬಿಡಬಾರದು.

ಕಳಿಸುವಾಗ

ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಮೂವರು ಕಣಿವೆಯಲ್ಲಿ ಇಳಿಯುತ್ತಿದ್ದಾರೆ. ಒಬ್ಬರ ಕಾಲು ಉಳುಕಿದೆ. ಜೀವಕ್ಕೆ ಅಪಾಯವಿಲ್ಲ, ಆದರೆ ಕತ್ತಲಾಗುವ ಮುಂಚೆ ಕೆಳಗೆ ತಲುಪುವುದು ಆಗದ ಮಾತು. ಕಾಯುತ್ತಿರುವವರಿಗೆ ತಿಳಿಸಬೇಕು.

ಅವರು ಮೊದಲು ಮಾಡಬೇಕಾದ್ದು ಜಾಗ ಹುಡುಕುವುದು. ತಲೆಯ ಮೇಲಿನ ಆಕಾಶ ಕಂಡರೆ ಸಾಲದು. ಉಪಗ್ರಹ ಎಷ್ಟೋ ಸಲ ದಿಗಂತದ ಕಡೆ ಕೆಳಗೆ ಇರುತ್ತದೆ, ಹಾಗಾಗಿ ಸುತ್ತಲೂ ತೆರೆದಿರಬೇಕು. ಕಣಿವೆಯ ಗೋಡೆ, ದಟ್ಟ ಮರ, ಎತ್ತರದ ಕಟ್ಟಡ ಎಲ್ಲವೂ ಅಡ್ಡ ಬರುತ್ತವೆ. ಹತ್ತಿರದಲ್ಲೇ ದಿಬ್ಬವೋ ಬಯಲೋ ಇದ್ದರೆ ಕಾಲು ಸರಿ ಇರುವ ಒಬ್ಬರು ಫೋನ್ ಹಿಡಿದು ಅಲ್ಲಿಗೆ ಹೋಗಲಿ.

ಮೆಸೇಜಸ್ ಆ್ಯಪ್ ತೆರೆದರೆ ಉಪಗ್ರಹ ಬಳಸುತ್ತೀರಾ ಎಂದು ಫೋನೇ ಕೇಳುತ್ತದೆ. ಕೇಳದಿದ್ದರೆ ಕಂಟ್ರೋಲ್ ಸೆಂಟರ್ ಎಳೆದು, ಸೆಲ್ಯುಲರ್ ಬಟನ್ ಒತ್ತಿ, `Satellite` ಆರಿಸಿ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಪರದೆ ತೋರಿಸುತ್ತದೆ. ಅದರಂತೆ ತಿರುಗಿ. ಕೈಯನ್ನು ಮೇಲಕ್ಕೆ ಎತ್ತಿ ಹಿಡಿಯುವುದೇನೂ ಬೇಡ, ಎಂದಿನಂತೆ ಹಿಡಿದರೆ ಸಾಕು. ಜೇಬಿಗೋ ಬ್ಯಾಗಿಗೋ ಹಾಕಿದರೆ ಮಾತ್ರ ಸಂಪರ್ಕ ತಪ್ಪಬಹುದು.

ಏನು ಬರೆಯಬೇಕು? "ಹಲೋ, ಕೇಳಿಸ್ತಿದೆಯಾ?" ಅಂತ ಶುರು ಮಾಡಿದರೆ ಒಂದು ಸರದಿ ಸುಮ್ನೆ ವ್ಯರ್ಥ. ಎಲ್ಲವೂ ಒಂದೇ ಮೆಸೇಜಿನಲ್ಲಿ ಇರಲಿ. ಹೀಗೆ:

"ಒಬ್ಬರ ಕಾಲು ಉಳುಕಿದೆ. ಮೂವರೂ ಕ್ಷೇಮ. ಹಳೇ ಸೇತುವೆ ಬಳಿ ರಾತ್ರಿ ತಂಗುತ್ತೇವೆ. ನೀರು, ಊಟ ಇದೆ. ಬೆಳಿಗ್ಗೆ 7ಕ್ಕೆ ಮತ್ತೆ ಮೆಸೇಜ್ ಮಾಡುತ್ತೇವೆ."

ಏನಾಯಿತು, ಎಲ್ಲಿ, ಹೇಗಿದ್ದಾರೆ, ಮುಂದೆ ಯಾವಾಗ, ಎಲ್ಲವೂ ಇದೆ. ಕೊನೆಯ ವಾಕ್ಯವನ್ನು ಮರೆಯಬೇಡಿ. ಫೋನು ಸದಾ ಉಪಗ್ರಹಕ್ಕೆ ಅಂಟಿಕೊಂಡಿರುವುದಿಲ್ಲ. ಅತ್ತ ಕಡೆಯವರು ಉತ್ತರ ಬರೆದರೂ, ನೀವು ಮತ್ತೆ ಬಯಲಿಗೆ ಬಂದು ಜೋಡಿಸಿಕೊಂಡಾಗಲೇ ಅದು ಸಿಗುವುದು. ಸಮಯ ಹೇಳಿದ್ದರೆ ಅವರು ಅದಕ್ಕಿಂತ ಮೊದಲೇ ಉತ್ತರ ಕಳಿಸಿ ಇಟ್ಟಿರುತ್ತಾರೆ, ನಡುವೆ ಗಾಬರಿಯಾಗುವುದೂ ಇಲ್ಲ. ಜಾಗ ನಿಖರವಾಗಿ ಹೇಳಬೇಕಾದರೆ ಕಂಪಾಸ್ ಆ್ಯಪಿನ ಕೆಳಗಡೆ ಅಕ್ಷಾಂಶ, ರೇಖಾಂಶ ಇರುತ್ತದೆ. ಅದಕ್ಕೆ ನೆಟ್‌ವರ್ಕ್ ಬೇಡ.

ತೆರೆದ ಜಾಗದಲ್ಲಿ ಒಂದು ಮೆಸೇಜಿಗೆ 15 ಸೆಕೆಂಡ್ ಸಾಕಾಗಬಹುದು. ಸಾಧಾರಣ ಎಲೆ ತುಂಬಿದ ಮರದಡಿ ಒಂದು ನಿಮಿಷಕ್ಕೂ ಜಾಸ್ತಿ. ದಟ್ಟ ಕಾಡಿನಲ್ಲಿ ಹೋಗದೆಯೂ ಇರಬಹುದು. ಮೆಸೇಜಿನ ಕೆಳಗೆ ಕಳಿಸಿದ ಸೂಚನೆ ಬರುವವರೆಗೂ ಅಲ್ಲಿಂದ ಕದಲಬೇಡಿ. ಅರ್ಧದಲ್ಲಿ ನಿಂತರೆ ಕೆಲವು ನಿಮಿಷ ಕಾದು ನೋಡಿ, ಇನ್ನೊಂದು ಉಪಗ್ರಹ ಅಷ್ಟರಲ್ಲಿ ಮೇಲೇರಿ ಬರಬಹುದು.

ಆಗದ ಕೆಲಸಗಳು

ಅಕ್ಷರ, ಎಮೋಜಿ ಹೋಗುತ್ತವೆ. ಫೋಟೊ, ವಿಡಿಯೊ, ಧ್ವನಿ ಸಂದೇಶ ಹೋಗುವುದಿಲ್ಲ. ಕಾಲಿನ ಊತದ ಫೋಟೊ ತೆಗೆದು ಡಾಕ್ಟರಿಗೆ ಕಳಿಸುವುದು ಆಗದು, ಬರೆದೇ ಹೇಳಬೇಕು.

ಇನ್ನೊಂದು ತೊಡಕು ಅನೇಕರಿಗೆ ಗೊತ್ತಿಲ್ಲ. ಟವರ್ ಪೂರ್ತಿ ಇಲ್ಲದಿದ್ದರೆ ಮಾತ್ರ ಫೋನು ಉಪಗ್ರಹದ ದಾರಿ ತೆರೆಯುತ್ತದೆ. ಒಂದು ಕಡ್ಡಿ ಸಿಗ್ನಲ್ ಬಂದು ಹೋಗುತ್ತಿದ್ದರೆ ಇಂಟರ್‌ನೆಟ್ಟೂ ಇಲ್ಲ, ಉಪಗ್ರಹವೂ ಇಲ್ಲ ಅನ್ನುವ ಸ್ಥಿತಿ. ಆಗ ಇಂಟರ್‌ನೆಟ್ ಬೇಡದ ಸಾದಾ ಎಸ್‌ಎಂಎಸ್ ಕಳಿಸಿ ನೋಡಿ. ಅದಕ್ಕೆ ಸಣ್ಣ ಸಿಗ್ನಲ್ಲೂ ಎಷ್ಟೋ ಸಲ ಸಾಕಾಗುತ್ತದೆ.

ಜೀವಕ್ಕೆ ಅಪಾಯವಿದ್ದರೆ

ಅದೇ ಕಣಿವೆಯಲ್ಲಿ ಕಾಲು ಉಳುಕುವ ಬದಲು ತಲೆಗೆ ಪೆಟ್ಟು ಬಿದ್ದಿದ್ದರೆ ಮನೆಗೆ ಮೆಸೇಜ್ ಮಾಡುತ್ತಾ ಕೂರಬಾರದು. ಮೊದಲು ತುರ್ತು ನಂಬರಿಗೆ ಕರೆ ಮಾಡಿ. ನಿಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು. ಹೋಗದಿದ್ದರೆ ಪರದೆಯ ಮೇಲೆ ಉಪಗ್ರಹದಿಂದ ತುರ್ತು ಮೆಸೇಜ್ ಕಳಿಸುವ ಬಟನ್ ಬರುತ್ತದೆ. ಏನಾಗಿದೆ, ಯಾರಿಗೆ ನೆರವು ಬೇಕು ಎಂದು ಪ್ರಶ್ನೆಗಳು ಬರುತ್ತವೆ. ಹೆಚ್ಚಿನವಕ್ಕೆ ಬೆರಳಲ್ಲಿ ಒತ್ತಿ ಉತ್ತರಿಸಿದರೆ ಸಾಕು. ನೀವಿರುವ ಜಾಗ, ಉಳಿದಿರುವ ಬ್ಯಾಟರಿ, `Medical ID`ಯ ವಿವರ ಮೊದಲ ಮೆಸೇಜಿನ ಜೊತೆಗೇ ಹೋಗುತ್ತದೆ. ಆಮೇಲೆ ಅತ್ತಲಿಂದಲೂ ಪ್ರಶ್ನೆ ಬರುತ್ತದೆ, ಆದ್ದರಿಂದ ಫೋನನ್ನು ಕೂಡಲೇ ಒಳಗಿಡಬೇಡಿ.

ಪಿಕ್ಸೆಲ್ 9ರಂಥ ಕೆಲವು ಆಂಡ್ರಾಯ್ಡ್ ಫೋನುಗಳಲ್ಲೂ ಉಪಗ್ರಹದ ತುರ್ತು ಸೇವೆ ಇದೆ. ಅವು ಸ್ಕೈಲೊ ಕಂಪನಿಯ ಮೂಲಕ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಬಳಸುತ್ತವೆ. ಅಷ್ಟು ಎತ್ತರದ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ಆ ದಿಕ್ಕಿಗೆ ಬೆಟ್ಟ ಅಡ್ಡ ಇದ್ದರೆ ಕಾದು ಪ್ರಯೋಜನವಿಲ್ಲ. ನೀವೇ ಬೇರೆ ಜಾಗಕ್ಕೆ ಹೋಗಬೇಕು.