ಬೆಳಕು -22ರಲ್ಲಿದ್ದರೂ ಸಂಪರ್ಕ ಕಡಿಯುತ್ತಿತ್ತು: ನನ್ನ ಅನುಭವ

ಒಂದು ಮನೆಯಲ್ಲಿ ದಿನಕ್ಕೆ ಐದಾರು ಬಾರಿ ಫೈಬರ್ ಇಂಟರ್ನೆಟ್ ಸಂಪರ್ಕ ಕಡಿದುಹೋಗುತ್ತಿತ್ತು. ನಾನು ಹೋಗಿ, ಫೈಬರಿನ ಬೆಳಕನ್ನು ಇಂಟರ್ನೆಟ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆಯಾದ ಟರ್ಮಿನಲ್‌ನ ಪುಟ ತೆರೆದಾಗಲೆಲ್ಲ ಒಳಬರುವ ಬೆಳಕಿನ ಬಲವಾದ Rx Power ಸುಮಾರು -22.4 dBm ಎಂದೇ ತೋರಿಸುತ್ತಿತ್ತು. ಜಿಪಾನ್ ಎಂಬ ಫೈಬರ್ ಜಾಲದ ಬಿ ಪ್ಲಸ್ ವರ್ಗದ ಟರ್ಮಿನಲ್, ಬೆಳಕು -27ರಷ್ಟು ಮಂಕಾಗುವವರೆಗೆ ಕೆಲಸ ಮಾಡಬೇಕಾದ್ದರಿಂದ ಇನ್ನೂ ನಾಲ್ಕೂವರೆ ಡಿಬಿ ಕೈಯಲ್ಲಿತ್ತು. ಬೆಳಕು ಚೆನ್ನಾಗಿದೆ, ಪೆಟ್ಟಿಗೆಯೇ ಕೆಟ್ಟಿದೆ ಎಂದು ಜೊತೆಗಾರರೆಲ್ಲ ತೀರ್ಪು ಕೊಟ್ಟರು. ನಾನೂ ಅದನ್ನು ನಂಬಿ ಮೊದಲು ಟರ್ಮಿನಲ್ ಬದಲಿಸಿದೆ, ಆಮೇಲೆ ರೂಟರ್ ಬದಲಿಸಿದೆ. ಎರಡರ ಹಣವೂ ನನ್ನ ಕೈಯಿಂದಲೇ ಹೋಯಿತು, ಸಂಪರ್ಕ ಮಾತ್ರ ಹಿಂದಿನಂತೆಯೇ ಕಡಿಯುತ್ತಿತ್ತು.

ನಾವು ಹೋಗಿ ನೋಡುವುದು ಸಂಪರ್ಕ ಮರಳಿ ಬಂದ ಮೇಲಿನ ಅಂಕಿಯನ್ನು, ಕಡಿದ ಗಳಿಗೆಯ ಅಂಕಿಯನ್ನಲ್ಲ ಎಂಬುದು ಆಗ ಹೊಳೆಯಿತು. ಹಾಗಾಗಿ ಅಂಕಿಯನ್ನು ತಾನಾಗಿಯೇ ಬರೆದಿಡುವ ವ್ಯವಸ್ಥೆ ಮಾಡಿ, ಮೊದಲು ಹದಿನೈದು ನಿಮಿಷಕ್ಕೊಮ್ಮೆ ದಾಖಲಿಸಿದೆ. ಎರಡು ದಿನದ ಪಟ್ಟಿಯಲ್ಲಿ ಒಂದು ಏರಿಳಿತವೂ ಸಿಗಲಿಲ್ಲ. ಇದು ಹುಚ್ಚು ಕೆಲಸ ಎಂದು ಹಂಗಿಸಿದವರಿಗೆ ಅದು ಒಳ್ಳೆಯ ಸಾಕ್ಷಿಯಾಯಿತು. ಛಲ ಬಿಡದೆ ಅಂತರವನ್ನು ಹತ್ತು ಸೆಕೆಂಡಿಗೆ ಇಳಿಸಿದ ಮರುದಿನ ಸಂಜೆ ಇದು ಸಿಕ್ಕಿತು:

```
19:42:10  -22.4
19:42:20  -25.8
19:42:30  -28.1
19:42:40  --
19:43:50  -22.5
```

ಟರ್ಮಿನಲ್‌ನ ಪುಟದಿಂದ ಇಷ್ಟು ಬೇಗಬೇಗ ಅಂಕಿ ಎಳೆಯುವ ಉಪಾಯವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದು ನನ್ನ ಅನ್ನದ ಪ್ರಶ್ನೆ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಟರ್ಮಿನಲ್‌ಗಳು ಹಳೆಯ ಅಂಕಿಯನ್ನೇ ಸ್ವಲ್ಪ ಹೊತ್ತು ತೋರಿಸುತ್ತಿರುತ್ತವೆ. ಆದ್ದರಿಂದ ದಾಖಲೆಯನ್ನು ನಂಬುವ ಮೊದಲು ಕೇಬಲನ್ನು ಒಮ್ಮೆ ಬಿಚ್ಚಿ, ಅಂಕಿ ಎಷ್ಟು ಬೇಗ ಬದಲಾಗುತ್ತದೆ ಎಂದು ಪರೀಕ್ಷಿಸಿಕೊಳ್ಳಬೇಕು. ಹಾಗೆಯೇ ಟರ್ಮಿನಲ್ ತೋರಿಸುವ ಅಂಕಿ ಪವರ್ ಮೀಟರಿನ ಅಂಕಿಗಿಂತ ಒಂದೆರಡು ಡಿಬಿ ಆಚೀಚೆ ಇರುವುದು ಸಾಮಾನ್ಯ. ನಾನು ನೆಚ್ಚಿಕೊಳ್ಳುವುದು ಅಂಕಿಯನ್ನಲ್ಲ, ಅದು ಎಷ್ಟು ಅಲುಗಾಡಿತು ಎಂಬುದನ್ನು.

ಬೆಳಕು ಒಮ್ಮೆಲೇ ಮಾಯವಾಗದೆ ಎರಡು ಹೆಜ್ಜೆಯಲ್ಲಿ ಇಳಿದದ್ದರಿಂದ ಯಾವುದೋ ಕೇಬಲು ನಿಧಾನವಾಗಿ ಮಡಚಿಕೊಳ್ಳುತ್ತಿದೆ ಎಂದು ಊಹಿಸಿದೆ. ಒಬ್ಬರನ್ನು ಪರದೆಯ ಮುಂದೆ ಕೂರಿಸಿ, ಗೋಡೆಯ ಡಬ್ಬಿಯಿಂದ ಟರ್ಮಿನಲ್‌ವರೆಗೆ ಪ್ಯಾಚ್ ಕಾರ್ಡನ್ನು ಗೇಣು ಗೇಣಿಗೆ ಒತ್ತುತ್ತಾ ಹೋದೆ. ಟಿವಿ ಮೇಜಿನ ಹಿಂಬದಿಗೆ ಬಂದಾಗ ಕಂಡಿತು: ಡ್ರಾಯರನ್ನು ಪೂರ್ತಿ ಒಳಗೆ ತಳ್ಳಿದರೆ ಅದರ ಮೂಲೆ ಕಾರ್ಡನ್ನು ಹಲಗೆಗೆ ಒತ್ತಿ ಮುರಿಯುವಷ್ಟು ಬಗ್ಗಿಸುತ್ತಿತ್ತು, ಅರ್ಧ ಎಳೆದರೆ ಬಿಡುತ್ತಿತ್ತು. ಮನೆಯವರು ನಾನು ಬರುತ್ತೇನೆಂದು ಮೇಜನ್ನು ಮುಂದಕ್ಕೆ ಎಳೆದಿಡುತ್ತಿದ್ದರಂತೆ! ಕಾರ್ಡ್ ಬದಲಿಸಿ ಬೇರೆ ದಾರಿಯಲ್ಲಿ ಎಳೆದ ಮೇಲೆ -21.9ಕ್ಕೆ ನಿಂತಿತು, ಆಮೇಲೆ ಆ ಮನೆಯಿಂದ ದೂರು ಬಂದಿಲ್ಲ. ಹೊಸ ಕಾರ್ಡಿನ ಬೆಲೆ ನಾನು ದಂಡ ತೆತ್ತ ಟರ್ಮಿನಲ್‌ನ ಬೆಲೆಯ ಇಪ್ಪತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ಬಗ್ಗಿದ ಕೇಬಲನ್ನೂ ಕೊಳಕು ಕನೆಕ್ಟರನ್ನೂ ದೂರದಿಂದಲೇ ಬೇರ್ಪಡಿಸಬಹುದೇ ಎಂಬ ಕುತೂಹಲದಿಂದ, ಹಳೆಯ ಸಾಧಾರಣ ಕಾರ್ಡೊಂದನ್ನು ದಪ್ಪ ಮಾರ್ಕರ್ ಪೆನ್ನಿಗೆ ಒಂದು ಸುತ್ತು ಸುತ್ತಿ ನೋಡಿದೆ. ಟರ್ಮಿನಲ್‌ನಲ್ಲಿ ಬೆಳಕು ಸುಮಾರು 3 ಡಿಬಿ ಕುಸಿಯಿತು, ಆದರೆ ಅದೇ ಹೊತ್ತಿಗೆ ಕಂಪನಿಯ ತುದಿಯ ಉಪಕರಣವಾದ ಓಎಲ್‌ಟಿ ಕಡೆ ಕಂಡ ಕುಸಿತ ಒಂದು ಡಿಬಿ ಇದ್ದಿತೋ ಇಲ್ಲವೋ. ಕೆಳಗೆ ಬರುವ ಬೆಳಕು 1490 ನ್ಯಾನೋಮೀಟರಿನದು, ಮೇಲೆ ಹೋಗುವುದು 1310ರದು. ಉದ್ದ ಅಲೆ ತಿರುವಿನಲ್ಲಿ ಹೆಚ್ಚು ಸೋರುತ್ತದೆ. ಕನೆಕ್ಟರಿನ ಕೊಳೆ ಎರಡನ್ನೂ ಹೆಚ್ಚುಕಡಿಮೆ ಸಮನಾಗಿ ತಿನ್ನುವುದರಿಂದ, ಎರಡೂ ತುದಿಯ ಕುಸಿತಕ್ಕೆ ದೊಡ್ಡ ಅಂತರ ಕಂಡರೆ ನಾನು ಈಗ ಮೊದಲು ಮಡಿಕೆಯನ್ನೇ ಹುಡುಕುತ್ತೇನೆ. ಬಾಗಿದರೂ ಸೋರದ ಹೊಸ ಬಗೆಯ ಫೈಬರಿನಲ್ಲಿ ಈ ವ್ಯತ್ಯಾಸ ಸುಲಭವಾಗಿ ಕಾಣುವುದಿಲ್ಲ.

ಇನ್ನೊಂದು ಮನೆಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ -26.8 ಇತ್ತು, ನೋಡಿದವರೆಲ್ಲ ಬೆಳಕಿನ ಮೇಲೆಯೇ ತಪ್ಪು ಹೊರಿಸಿದರು. ಮೂರು ದಿನ ದಾಖಲಿಸಿದರೆ ಅಂಕಿ 0.2ಕ್ಕಿಂತ ಹೆಚ್ಚು ಅಲುಗಾಡಲಿಲ್ಲ, ಸಂಪರ್ಕ ಕಡಿದ ಹೊತ್ತಿನಲ್ಲೂ ಫೈಬರ್ ಜಾಲದಲ್ಲಿ ಟರ್ಮಿನಲ್ ಪಡೆದ ಪಾನ್ ನೋಂದಣಿ ಹಾಗೆಯೇ ಉಳಿದಿತ್ತು, ದೋಷಗಳ ಎಣಿಕೆಯೂ ಏರಲಿಲ್ಲ. ಅಂಚಿನಲ್ಲಿದ್ದ ಬೆಳಕನ್ನು ಬಿಡಬಾರದೆಂದು ಕನೆಕ್ಟರ್ ಒರೆಸಿದೆ, -25ರ ಹತ್ತಿರ ಬಂದಿತು. ಆದರೂ ಸಂಪರ್ಕ ಮೊದಲಿನಂತೆಯೇ ಕಡಿಯುತ್ತಿತ್ತು. ಕೇಬಲಿನಲ್ಲಿ ಜೋಡಿಸಿದ ಕಂಪ್ಯೂಟರಿಗೆ ಆ ತೊಂದರೆ ಒಮ್ಮೆಯೂ ಬರಲಿಲ್ಲವಾದ್ದರಿಂದ, ಫೈಬರ್ ಮುಟ್ಟುವುದನ್ನು ಬಿಟ್ಟು ವೈಫೈ ಚಾನೆಲ್ ಬದಲಿಸಿದೆ.